ಮನೆಮಂದಿಯ ನಡುವೆ ಒಂದು ಮಳೆಹಾಡು

ಕಳೆದ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಗೆಳೆಯನೊಬ್ಬ ಫೋನ್ ಮಾಡಿ, ‘ನೀನು ಸಿನಿಮಾ ಹಾಡಿನ ಮೇಲೆ ಪಿಎಚ್‌ಡಿ ಮಾಡ್ತಿದೀಯಲ್ಲ, ನಂಗೊಂದು ಮಳೆಹಾಡು ಬರೆದುಕೊಡು’ ಎಂದ. ಅವನು ತೆಗೆಯಲು ಹೊರಟಿದ್ದುದು ಸಣ್ಣ ಬಜೆಟ್ಟಿನ ಒಂದು ಸಾಂಸಾರಿಕ ಚಿತ್ರ. ಸನ್ನಿವೇಶ ಹೀಗಿತ್ತು: ಹೊಸದಾಗಿ ಮದುವೆಯಾದ ಹುಡುಗಿ ಮೊದಲ ಆಷಾಢಕ್ಕೆ ತವರಿಗೆ ಬಂದಿದ್ದಾಳೆ. ತೀರ್ಥಹಳ್ಳಿ ಕಡೆಯ ಮನೆ. ಗಂಡನಿಗೆ ತಡೆಯಲಾಗಿಲ್ಲ. ಅವಳು ಮರೆತು ಬಿಟ್ಟುಹೋದ ಕೊಡೆಯನ್ನು ಕೊಡುವ ನೆಪ ಮಾಡಿಕೊಂಡು ಬಸ್ಸು ಹತ್ತಿ ಬಂದಿದ್ದಾನೆ. ಹೊರಗೆ ಧೋ ಎಂದು ಮಳೆ. ಜಗಲಿಯಲ್ಲಿ ಮಾವ ಪೇಪರ್ ಓದುತ್ತಿದ್ದಾರೆ, ಒಳಗೆ ಅತ್ತೆ ಇದ್ದಾರೆ. ಇವರಿಬ್ಬರಿಗೆ ಸಿಗುವುದು ಸೂರಿನಡಿಯ ಐದು ನಿಮಿಷ. ಅಲ್ಲಿ ಹಾಡು ಬರಬೇಕು.

ಎರಡು ದಿನದಲ್ಲಿ ಬರೆದು ಕಳಿಸಿದೆ. ಪಲ್ಲವಿ ಹೀಗಿತ್ತು:

ಹನಿ ಹನಿ ಸುರಿದಿದೆ ತುಂತುರು ಮಳೆಯು
ಮನದಲಿ ಅರಳಿದೆ ಒಲವಿನ ಬೆಳೆಯು

ಗೆಳೆಯ ಓದಿ ಒಂದೇ ಮಾತು ಹೇಳಿದ: ‘ಚೆನ್ನಾಗಿದೆ. ಆದ್ರೆ ಇದನ್ನ ಯಾವ ಸಿನಿಮಾಕ್ಕಾದ್ರೂ ಹಾಕಬಹುದು.’

ನನಗೆ ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ನಾಲ್ಕು ವರ್ಷದಿಂದ ಹಳೆಯ ಹಾಡುಗಳನ್ನು ಕೇಳುತ್ತ, ಅವು ಚಿತ್ರದೊಳಗೆ ಎಲ್ಲಿ ಕೂತಿವೆ ಎಂದು ಗುರುತು ಹಾಕಿಕೊಳ್ಳುತ್ತ ಬಂದವರು ನಾವು. ಆದರೂ ಕೈಯಲ್ಲಿ ಪೆನ್ನು ಹಿಡಿದಾಗ ಮಳೆ ಎಂದೊಡನೆ ಹನಿ, ತುಂತುರು, ಒಲವು ಎಂದು ಪದಗಳು ತಾವಾಗಿಯೇ ಸಾಲುಗಟ್ಟಿ ನಿಂತವು. ಪ್ರಾಸದ ಆಸೆಗೆ ‘ಬೆಳೆ’ ಬಂತು. ಬೆಳೆ ಅರಳುವುದಿಲ್ಲ ಎಂಬುದೂ ತೋಚಲಿಲ್ಲ. ತಪ್ಪು ಎಲ್ಲಿದೆ ಎಂದು ತಿಳಿಯಲು ನಾನು ಮತ್ತೆ ಎರಡು ಹಳೆಯ ಚಿತ್ರಗಳ ಬಳಿಗೆ ಹೋಗಬೇಕಾಯಿತು. ಎರಡೂ ಹಿಂದಿಯವು, ಎರಡೂ ಮುಂಬಯಿಯ ಮಳೆಯವು. ಒಂದು 1955ರದು, ಇನ್ನೊಂದು 1979ರದು.

ಮೊದಲನೆಯದು ರಾಜ್ ಕಪೂರ್ ಅವರ ‘ಶ್ರೀ 420’. ಒಂದೇ ಕೊಡೆಯ ಕೆಳಗೆ ರಾಜ್ ಕಪೂರ್ ಮತ್ತು ನರ್ಗಿಸ್ ನಿಂತ ಆ ದೃಶ್ಯ ನೋಡದವರಿಗೂ ಗೊತ್ತು. ಬರೆದವರು ಶೈಲೇಂದ್ರ, ಸಂಗೀತ ಶಂಕರ್-ಜೈಕಿಶನ್, ಹಾಡಿದವರು ಮನ್ನಾ ಡೇ ಮತ್ತು ಲತಾ ಮಂಗೇಶ್ಕರ್. ಪ್ರಣಯದ ಮಳೆಹಾಡು ಎಂದಾಗ ಮೊದಲು ನೆನಪಾಗುವ ಹಾಡು ಇದೇ. ಆದರೆ ಸಾಹಿತ್ಯವನ್ನು ಮಾತ್ರ ಬರೆದುಕೊಂಡು, ಚಿತ್ರವನ್ನು ಮರೆತು ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಮಳೆಯ ವರ್ಣನೆಗೆ ಜಾಗವೇ ಇಲ್ಲದಂತಿದೆ. ಇರುವುದು ಒಂದು ಭಯ. ಪ್ರೀತಿಯೇನೋ ಆಯಿತು, ಒಪ್ಪಿಯೂ ಆಯಿತು, ಆದರೂ ಎದೆ ಯಾಕೆ ಹೆದರುತ್ತಿದೆ ಎಂಬ ಪ್ರಶ್ನೆ. ದಾರಿ ಕಷ್ಟದ್ದು, ಎಲ್ಲಿಗೆ ಹೋಗುತ್ತದೋ ತಿಳಿಯದು ಎಂಬ ಉತ್ತರ. ಹಣವಿಲ್ಲದ ಹುಡುಗ, ಶಾಲೆಯಲ್ಲಿ ಪಾಠ ಹೇಳುವ ಹುಡುಗಿ. ಅವರ ಕೊಡೆ ಒಂದೇ. ಮಳೆಯ ಕೆಲಸವನ್ನು ಪರದೆ ಮಾಡುತ್ತಿದೆ, ಆದ್ದರಿಂದ ಪದಗಳು ಅದನ್ನು ಮತ್ತೆ ಮಾಡಬೇಕಾಗಿಲ್ಲ.

ಹಾಡಿನ ಕೊನೆಯತ್ತ ಇನ್ನೂ ಒಂದು ಸಂಗತಿ ನಡೆಯುತ್ತದೆ. ನಾವಿಬ್ಬರೂ ಮುಂದೊಂದು ದಿನ ಇರುವುದಿಲ್ಲ, ನಮ್ಮ ಗುರುತುಗಳು ಉಳಿಯುತ್ತವೆ ಎಂಬ ಅರ್ಥದ ಮಾತು ಬರುವಾಗ ಮಳೆಕೋಟು ಹಾಕಿಕೊಂಡ ಮೂರು ಮಕ್ಕಳು ರಸ್ತೆಯಲ್ಲಿ ನಡೆದು ಹೋಗುತ್ತಾರೆ. ಅವರು ರಾಜ್ ಕಪೂರರದೇ ಮಕ್ಕಳು: ರಣಧೀರ್, ರೀತು ಮತ್ತು ರಿಷಿ. ‘ಗುರುತು’ ಎಂಬುದು ಕವಿತೆಯಲ್ಲಿ ಅಮೂರ್ತವಾದ ಮಾತು. ಪರದೆಯ ಮೇಲೆ ಅದು ಮೂರು ಮಕ್ಕಳಾಗುತ್ತದೆ. ಇಬ್ಬರೇ ಇರುವ ಪ್ರಣಯದೊಳಕ್ಕೆ ಒಂದು ಸಂಸಾರ ಹೀಗೆ ನಡೆದು ಬರುತ್ತದೆ. ಕೊಡೆಯ ಕೆಳಗೆ ನಿಂತವರು ಕನಸು ಕಾಣುತ್ತಿರುವುದು ಮುತ್ತನ್ನಲ್ಲ, ಮನೆಯನ್ನು ಎಂದು ಆಗ ನಮಗೆ ತಿಳಿಯುತ್ತದೆ. ಸಾಲು ಮತ್ತು ದೃಶ್ಯ ಒಂದಕ್ಕೊಂದು ಹೊಂದುವುದೆಂದರೆ ಎರಡೂ ಒಂದೇ ಮಾತನ್ನು ಹೇಳುವುದಲ್ಲ. ಒಂದು ಅರ್ಧ ಹೇಳಿ ನಿಲ್ಲಿಸಿದ್ದನ್ನು ಇನ್ನೊಂದು ಪೂರ್ತಿ ಮಾಡುವುದು.

ನನಗೆ ಹೆಚ್ಚು ಪಾಠ ಕಲಿಸಿದ್ದು ಎರಡನೆಯ ಚಿತ್ರ, ಬಸು ಚಟರ್ಜಿಯವರ ‘ಮಂಜಿಲ್’. ಅಮಿತಾಭ್ ಬಚ್ಚನ್ ಮತ್ತು ಮೌಸುಮಿ ಚಟರ್ಜಿ ಅದರ ನಾಯಕ ನಾಯಕಿ. ಸಂಗೀತ ಆರ್.ಡಿ. ಬರ್ಮನ್, ಸಾಹಿತ್ಯ ಯೋಗೇಶ್. ಲಖನೌದಿಂದ ಮುಂಬಯಿಗೆ ಬಂದ ಯೋಗೇಶ್ ‘ಆನಂದ್’ (1971) ಮತ್ತು ‘ರಜನೀಗಂಧ’ (1974) ಚಿತ್ರಗಳ ಹಾಡುಗಳಿಂದ ಆ ಹೊತ್ತಿಗಾಗಲೇ ಹೆಸರಾಗಿದ್ದರು. ದೊಡ್ಡ ಪದಗಳನ್ನು ಮುಟ್ಟದೆ, ಮಧ್ಯಮವರ್ಗದ ಮನುಷ್ಯ ತನ್ನೊಳಗೇ ಆಡಿಕೊಳ್ಳುವ ಮಾತಿನ ಹಾಗೆ ಬರೆಯುವುದು ಅವರ ರೀತಿ.

‘ಮಂಜಿಲ್’ನಲ್ಲಿ ಒಂದೇ ಮಳೆಹಾಡು ಎರಡು ಸಲ ಬರುತ್ತದೆ. ರಾಗ ಅದೇ, ಪಲ್ಲವಿಯೂ ಅದೇ. ಮಳೆ ಬೀಳುವ ಸದ್ದಿನ ಪದದಿಂದ ಅದು ಶುರುವಾಗುತ್ತದೆ. ಹೊರಗೆ ಎಲ್ಲ ಒದ್ದೆಯಾಗಿರುವಾಗ ಒಳಗೆ ಇದೇನು ಬೆಂಕಿ ಎಂಬ ಅಚ್ಚರಿ ಅದರ ಜೀವ. ಬದಲಾಗುವುದು ಚರಣಗಳು ಮಾತ್ರ. ಹಾಗಾಗಿ ಒಬ್ಬ ಗೀತರಚನಕಾರ ಒಂದೇ ಮಟ್ಟಿಗೆ, ಒಂದೇ ಮಳೆಗೆ, ಎರಡು ಸನ್ನಿವೇಶಗಳಲ್ಲಿ ಹೇಗೆ ಬೇರೆ ಬೇರೆಯಾಗಿ ಬರೆಯುತ್ತಾನೆ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಇಂಥ ಅವಕಾಶ ಅಪರೂಪ.

ಕಿಶೋರ್ ಕುಮಾರ್ ಹಾಡಿದ್ದು ಒಂದು ಮನೆಯೊಳಗಿನ ಕೂಟದ ಸನ್ನಿವೇಶ. ಸುತ್ತ ಜನ ಕೂತಿದ್ದಾರೆ, ನಾಯಕ ಅವರ ಮುಂದೆ ಬಾಯಿ ತೆರೆದು ಹಾಡುತ್ತಿದ್ದಾನೆ. ಕೇಳುವವರ ನಡುವೆ ಆ ಹುಡುಗಿಯೂ ಇದ್ದಾಳೆ. ಈಗ ಚರಣಗಳನ್ನು ಗಮನಿಸಿ. ಹನಿಗಳ ಸದ್ದು ಗೆಜ್ಜೆಯಂತೆ ಕೇಳಿ ಕಣ್ಣು ಮುಚ್ಚಲಾಗುತ್ತಿಲ್ಲ ಎಂಬ ಮಾತು ಒಂದು ಕಡೆ ಬರುತ್ತದೆ. ಇನ್ನೊಂದು ಕಡೆ, ತುಂಬಿದ ಸಭೆಯಲ್ಲಿ ಇದನ್ನು ಯಾರಿಗೆ ಹೇಳಲಿ, ಗುರುತಿಲ್ಲದವಳೊಬ್ಬಳಿಗೆ ಮನಸ್ಸು ಕಟ್ಟಿಬೀಳುತ್ತಿದೆ ಎಂಬ ಸಂಕಟ. ಹೇಳಲಾಗದು ಎಂಬುದನ್ನೇ ಅವನು ಎಲ್ಲರೆದುರು ಹೇಳುತ್ತಿದ್ದಾನೆ. ಕೂಟದವರಿಗೆ ಅದು ಒಂದು ಒಳ್ಳೆಯ ಹಾಡು. ಅವಳೊಬ್ಬಳಿಗೆ ಅದು ಪತ್ರ.

ಲತಾ ಹಾಡಿದ್ದು ಬಯಲಿನ ಸನ್ನಿವೇಶ. ಮುಂಬಯಿಯ ಬೀದಿಗಳಲ್ಲಿ, ಸಮುದ್ರದ ದಂಡೆಯಲ್ಲಿ, ನಿಜವಾದ ಮಳೆಯಲ್ಲಿ ಅದನ್ನು ಚಿತ್ರೀಕರಿಸಿದ್ದಾರೆ. ಸಾಮಾನ್ಯವಾಗಿ ಸಿನಿಮಾ ಮಳೆ ಟ್ಯಾಂಕರಿನ ನೀರು. ಹಿಂದಿನಿಂದ ಬೆಳಕು ಬಿಟ್ಟರೆ ಮಾತ್ರ ಹನಿಗಳು ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತವೆ. ಅದಕ್ಕೇ ಅಂಥ ದೃಶ್ಯಗಳಲ್ಲಿ ನೀರು ಬೆಳ್ಳಿಯ ದಾರದಂತೆ ಹೊಳೆಯುತ್ತದೆ. ‘ಮಂಜಿಲ್’ನ ಮಳೆ ಹಾಗೆ ಹೊಳೆಯುವುದಿಲ್ಲ. ಅದು ಬೂದುಬಣ್ಣದ್ದು, ಅದರಲ್ಲಿ ಸೂಟು ತೊಟ್ಟ ಹುಡುಗ ಮತ್ತು ಸೀರೆಯುಟ್ಟ ಹುಡುಗಿ ತೊಯ್ದು ತೊಪ್ಪೆಯಾಗಿ ನಡೆಯುತ್ತಾರೆ. ಮುಖ್ಯವಾದ ಮಾತೆಂದರೆ, ಇಲ್ಲಿ ಯಾರೂ ತುಟಿಯಾಡಿಸುವುದಿಲ್ಲ. ಹಾಡು ಹಿನ್ನೆಲೆಯಲ್ಲಿ ಕೇಳುತ್ತದೆ. ಇದು ಯಾರಿಗೂ ಹೇಳುತ್ತಿರುವ ಮಾತಲ್ಲ, ಅವಳ ತಲೆಯೊಳಗೆ ನಡೆಯುತ್ತಿರುವ ಮಾತು.

ಆದ್ದರಿಂದಲೇ ಚರಣಗಳು ಬೇರೆಯಾದವು. ಹೇಳುವುದೋ ಬಿಡುವುದೋ ಎಂಬ ತೊಡಕು ಈಗಿಲ್ಲ. ಅವಳು ಒಂದು ಹೋಲಿಕೆ ಮಾಡಿಕೊಳ್ಳುತ್ತಿದ್ದಾಳೆ: ಮೋಡ ಹಿಂದೆಯೂ ಸುರಿದದ್ದುಂಟು, ಸೆರಗು ಹಿಂದೆಯೂ ನೆನೆದದ್ದುಂಟು, ಈ ವರ್ಷ ಮಾತ್ರ ಯಾಕೆ ಹೀಗೆ? ಮುಂದಿನ ಚರಣವೂ ‘ಈ ಸಲ’ ಎಂಬ ಮಾತಿನ ಮೇಲೆಯೇ ನಿಂತಿದೆ. ಮಳೆ ಪ್ರತಿ ವರ್ಷವೂ ಬರುತ್ತದೆ, ಅದರಲ್ಲಿ ಹೊಸದೇನೂ ಇಲ್ಲ. ಈ ಸಲದ ಮಳೆ ಹೋದ ಸಲದಂತಿಲ್ಲ ಎಂದು ಗೊತ್ತಾದ ಗಳಿಗೆಯೇ ಪ್ರೀತಿ ಗೊತ್ತಾದ ಗಳಿಗೆ. ಮಳೆ ಹೀಗೆ ಅಳತೆಗೋಲಾಗುತ್ತದೆ.

ಕಥೆಯ ಕಡೆಯಿಂದ ನೋಡಿದರೆ ಇನ್ನೊಂದು ಸೂಕ್ಷ್ಮ ಕಾಣುತ್ತದೆ. ನಾಯಕ ಸಾಮಾನ್ಯ ಮನೆಯವನು. ಸ್ವಂತ ವ್ಯಾಪಾರದಿಂದ ಬೇಗ ಮೇಲೆ ಬರುವ ಕನಸು ಅವನಿಗೆ. ತಾನು ಸ್ಥಿತಿವಂತ ಎಂದು ಅವಳಿಗೆ ಸುಳ್ಳು ಹೇಳಿದ್ದಾನೆ. ಮಳೆಯಲ್ಲಿ ನಡೆಯುವಾಗ ಆ ಸುಳ್ಳು ಅವನ ಎದೆಯಲ್ಲಿದೆ. ಆ ಹೊತ್ತಿನಲ್ಲಿ ಒಳಗಿನ ದನಿ ಅವನದಾಗಿದ್ದರೆ ಅದು ಇಷ್ಟು ತಿಳಿಯಾಗಿ ಹಾಡಲಾಗುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಹಾಗಾಗಿ ಹಾಡು ಏನೂ ತಿಳಿಯದ ಅವಳದು. ಅವಳ ಸಂತೋಷ ಎಷ್ಟು ನಿರಾಳವೋ ನೋಡುವವರ ಆತಂಕ ಅಷ್ಟು ಹೆಚ್ಚು.

ಎರಡನ್ನೂ ಮತ್ತೆ ಮತ್ತೆ ಕೇಳಿದ ಮೇಲೆ ನನ್ನ ತಪ್ಪು ತಿಳಿಯಿತು. ನಾನು ‘ಮಳೆ ಹೇಗಿದೆ?’ ಎಂಬ ಪ್ರಶ್ನೆಗೆ ಉತ್ತರ ಬರೆದಿದ್ದೆ. ಯೋಗೇಶ್ ಉತ್ತರಿಸಿದ್ದು ಬೇರೆ ಎರಡು ಪ್ರಶ್ನೆಗಳಿಗೆ. ಈ ಮಾತು ಯಾರ ಕಿವಿಗೆ ಬೀಳುತ್ತಿದೆ? ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸವಾಗಿದೆ? ಸಾಂಸಾರಿಕ ಚಿತ್ರದಲ್ಲಿ ಮೊದಲನೆಯ ಪ್ರಶ್ನೆ ಇನ್ನೂ ದೊಡ್ಡದು. ಅಲ್ಲಿ ಮನೆ ಯಾವಾಗಲೂ ತುಂಬಿರುತ್ತದೆ, ಇಬ್ಬರಿಗೇ ಅಂತ ಒಂದು ಮೂಲೆಯೂ ಇರುವುದಿಲ್ಲ. ನಮ್ಮಲ್ಲಿ ಚಿ. ಉದಯಶಂಕರ್ ಅವರು ರಾಜ್‌ಕುಮಾರ್ ಅವರ ಎಷ್ಟೋ ಚಿತ್ರಗಳಿಗೆ ಸಂಭಾಷಣೆಯನ್ನೂ ಹಾಡನ್ನೂ ತಾವೇ ಬರೆದರು. ಹಾಡು ಹಿಂದಿನ ಮಾತಿನಿಂದಲೇ ಎದ್ದು ಬಂದಂತೆ ಕೇಳುವುದಕ್ಕೆ ಅದೂ ಒಂದು ಕಾರಣ. ನಾನಾದರೋ ಗೆಳೆಯನ ಸಂಭಾಷಣೆಯ ಹಾಳೆಗಳನ್ನು ತರಿಸಿಕೊಂಡೇ ಇರಲಿಲ್ಲ.

ಹಾಳೆಗಳನ್ನು ತರಿಸಿಕೊಂಡು ಓದಿದೆ. ಆಗ ಮೊದಲು ಎಡವಿದ್ದು ತಿಂಗಳ ವಿಷಯದಲ್ಲಿ. ಹಿಂದಿ ಹಾಡುಗಳ ‘ಸಾವನ್’ ನಮ್ಮ ಶ್ರಾವಣವೇ ಎಂದುಕೊಂಡು ನಾನು ಒಂದು ಚರಣದಲ್ಲಿ ‘ಶ್ರಾವಣದ ಮಳೆ’ ಎಂದು ಬರೆದಿದ್ದೆ. ಉತ್ತರದ ಕಡೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಅವರ ಸಾವನ್ ನಮ್ಮ ಶ್ರಾವಣಕ್ಕಿಂತ ಹದಿನೈದು ದಿನ ಮೊದಲೇ, ನಮ್ಮಲ್ಲಿ ಇನ್ನೂ ಆಷಾಢ ಇರುವಾಗಲೇ ಶುರುವಾಗುತ್ತದೆ. ಲೆಕ್ಕಕ್ಕಿಂತ ದೊಡ್ಡ ವ್ಯತ್ಯಾಸ ಭಾವದ್ದು. ಹಳೆ ಮೈಸೂರು ಮತ್ತು ಮಲೆನಾಡಿನ ಮನೆಗಳಲ್ಲಿ ಮದುವೆಯಾದ ಮೊದಲ ಆಷಾಢಕ್ಕೆ ಸೊಸೆಯನ್ನು ತವರಿಗೆ ಕಳಿಸುತ್ತಾರೆ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎನ್ನುವವರಿದ್ದಾರೆ. ಆಷಾಢದಲ್ಲಿ ಬಸುರಾದರೆ ಹೆರಿಗೆ ಬಿರುಬೇಸಗೆಗೆ ಬರುತ್ತದೆ ಎಂದು ಕಾರಣ ಕೊಡುವವರೂ ಇದ್ದಾರೆ. ಹೇಗೂ ಆಷಾಢವೆಂದರೆ ಅಗಲಿಕೆ, ಶ್ರಾವಣವೆಂದರೆ ಮರಳಿ ಸೇರುವುದು. ಕಾಳಿದಾಸನ ಯಕ್ಷ ಮೋಡವನ್ನು ಕಂಡು ಹೆಂಡತಿಯನ್ನು ನೆನೆದದ್ದೂ ಆಷಾಢದಲ್ಲೇ. ನನ್ನ ನಾಯಕನಿಗೆ ಶ್ರಾವಣ ಇನ್ನೂ ಬಂದಿಲ್ಲ. ಅದು ಅವನು ಬೆರಳೆಣಿಸುತ್ತಿರುವ ದಿನ, ಸುರಿಯುತ್ತಿರುವ ಮಳೆಯಲ್ಲ.

ಎರಡನೆಯ ಸಲ ನಾನು ಮಳೆಯನ್ನು ಬಿಟ್ಟು ಕೊಡೆಯಿಂದ ಶುರುಮಾಡಿದೆ. ಅವನು ಬಂದದ್ದಕ್ಕೆ ಆ ಕೊಡೆಯೇ ನೆಪ. ಸಂಭಾಷಣೆಯಲ್ಲಿ ಅವನು ಒದ್ದೆಮುದ್ದೆಯಾಗಿ ಬಂದದ್ದನ್ನು ನೋಡಿ ಮಾವ ನಗುವ ಒಂದು ಮಾತಿತ್ತು. ಕೈಯಲ್ಲಿ ಕೊಡೆಯಿದ್ದೂ ನೆನೆದವನು! ಅಲ್ಲಿಗೆ ಕನ್ನಡವೇ ಒಂದು ದಾರಿ ತೋರಿಸಿತು. ನಮ್ಮಲ್ಲಿ ‘ನೆನೆ’ ಎಂದರೆ ಒದ್ದೆಯಾಗು, ‘ನೆನೆ’ ಎಂದರೆ ಜ್ಞಾಪಿಸಿಕೋ.

ಮರೆತಿಹ ಕೊಡೆಯನು ತಂದವ ನಾನು
ನೆನೆದಿರಿ ಏತಕೆ, ಬಿಚ್ಚದೆ ಅದನು?

ಮೊದಲ ಸಾಲು ಅವನದು, ಎರಡನೆಯದು ಅವಳದು. ಜಗಲಿಯಲ್ಲಿರುವ ಅಪ್ಪನಿಗೆ ಕೇಳಿಸುವುದು ‘ಯಾಕೆ ಒದ್ದೆಯಾದಿರಿ’ ಎಂಬ ಉಪಚಾರದ ಮಾತು. ಅವನಿಗೆ ಕೇಳಿಸುವುದು ‘ಯಾಕೆ ನನ್ನನ್ನು ನೆನೆದಿರಿ’ ಎಂಬ ಪ್ರಶ್ನೆ. ಮೊದಲ ಸಾಲಿನ ‘ಮರೆತಿಹ’ ಆ ಎರಡನೆಯ ಅರ್ಥವನ್ನು ಮೆಲ್ಲಗೆ ಎತ್ತಿಕೊಡುತ್ತದೆ. ಕೂಟದ ನಡುವೆ ಹಾಡಿದವನಿಗೆ ಸಿಕ್ಕಿದ ಉಪಾಯ ಇವಳಿಗೆ ಒಂದೇ ಪದದಲ್ಲಿ ಸಿಕ್ಕಿತು.

ಮಟ್ಟು ಮೊದಲೇ ಸಿದ್ಧವಾಗಿತ್ತು. ಪ್ರತಿ ಸಾಲಿಗೂ ನಾಲ್ಕು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ. ಎರಡನೆಯ ಸಾಲಿನ ಎರಡನೆಯ ಗಣದಲ್ಲಿ ದನಿ ಮೇಲೇರಿ ಮೊದಲ ಅಕ್ಷರದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ನನ್ನ ಹಳೆಯ ಪಲ್ಲವಿಯಲ್ಲಿ ಆ ಜಾಗದಲ್ಲಿ ‘ಅರಳಿದೆ’ ಇತ್ತು. ಹಾಡಿ ನೋಡಿದಾಗ ಅದು ‘ಆರಳಿದೆ’ ಆಗಿ ಅರ್ಥವೇ ಹೋಯಿತು. ಹ್ರಸ್ವವನ್ನು ಎಳೆದರೆ ಕನ್ನಡದಲ್ಲಿ ಪದವೇ ಬದಲಾಗಿಬಿಡುತ್ತದೆ. ಮಾತ್ರೆ ಎಣಿಸಿದರೆ ಸರಿಯಿರುತ್ತದೆ, ಕಿವಿಗೆ ಮಾತ್ರ ತಪ್ಪುತ್ತದೆ. ಈಗ ಅಲ್ಲಿ ‘ಏತಕೆ’ಯ ದೀರ್ಘ ‘ಏ’ ಬಂದು ಕೂತಿದೆ. ರಾಗ ಏರುವ ಕಡೆಯೇ ಪ್ರಶ್ನೆಯೂ ಏರುತ್ತದೆ. ಚರಣ ಹೀಗಾಯಿತು:

ಒಳಗಿನ ಕಿವಿಗಳು ತೆರೆದಿವೆ ನೋಡು
ಸೂರಿನ ನೀರಿನ ಸದ್ದಲಿ ಆಡು
ನಿಲ್ಲುವ ಮುಂಚೆಯೆ ಹೇಳಿಬಿಡೊಂದು
ಎಂದಿಗೆ ಶ್ರಾವಣ ಬರುವುದು ಎಂದು

ಚರಣ ಪೂರ್ತಿ ಅವಳದು. ಪಲ್ಲವಿಯಲ್ಲಿ ‘ನೆನೆದಿರಿ’ ಎಂದು ಬಹುವಚನದಲ್ಲಿ ಮಾತಾಡಿಸಿದವಳು ಇಲ್ಲಿ ‘ನೋಡು’, ‘ಆಡು’ ಎನ್ನುತ್ತಾಳೆ. ಮನೆಯವರೆದುರು ‘ನೀವು’, ಸೂರಿನ ಅಂಚಿಗೆ ಬಂದ ಮೇಲೆ ‘ನೀನು’. ಗೆಳೆಯ ದೃಶ್ಯವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಂಡ. ಚರಣ ಶುರುವಾಗುವ ಮೊದಲು ಇಬ್ಬರೂ ಜಗಲಿಯಿಂದ ನಾಲ್ಕು ಹೆಜ್ಜೆ ಆಚೆ ಸರಿಯುತ್ತಾರೆ. ಮಳೆಗೆ ಈಗ ಹಾಡಿನಲ್ಲಿ ಒಂದೇ ಕೆಲಸ: ಸದ್ದು ಮಾಡುವುದು. ಅದು ನಿಂತರೆ ಮಾತೂ ನಿಲ್ಲಬೇಕು. ಆ ಐದು ನಿಮಿಷದ ಆತುರವೆಲ್ಲ ಅಲ್ಲಿಂದಲೇ ಬಂತು.

ಈ ಸಾಲುಗಳಿಗೆ ಒಂದು ಮಿತಿಯಿದೆ, ಅದು ನನಗೆ ಗೊತ್ತಿದೆ. ‘ಮಂಜಿಲ್’ನ ಹಾಡನ್ನು ಚಿತ್ರ ನೋಡದವರೂ ಗುನುಗುತ್ತಾರೆ. ಕೊಡೆಯ ಕಥೆ ಗೊತ್ತಿಲ್ಲದವರಿಗೆ ನನ್ನ ಪಲ್ಲವಿ ಅರ್ಧಂಬರ್ಧ ಅನ್ನಿಸಬಹುದು. ಸನ್ನಿವೇಶಕ್ಕೆ ಅಂಟಿಕೊಂಡೂ ಅದರಿಂದ ಬಿಡಿಸಿಕೊಂಡು ಹೋಗುವ ಹಾಡು ಬರೆಯುವುದು ಯೋಗೇಶರಂಥವರಿಗೆ ಮಾತ್ರ ಬರುವ ವಿದ್ಯೆ. ಅದನ್ನು ಅವರು ಸಾಧಿಸಿದ್ದು ಸನ್ನಿವೇಶದ ವಸ್ತುಗಳನ್ನಲ್ಲ, ಅದರ ತೊಡಕನ್ನು ಮಾತ್ರ ಹಾಡಿನೊಳಕ್ಕೆ ತೆಗೆದುಕೊಂಡದ್ದರಿಂದ ಎಂದು ಈಗ ನನ್ನ ಪ್ರಬಂಧದ ಅಧ್ಯಾಯದಲ್ಲಿ ಬರೆಯುತ್ತಿದ್ದೇನೆ.

ಗೆಳೆಯನ ಚಿತ್ರ ಹಣವಿಲ್ಲದೆ ನಿಂತಿದೆ. ಮೊನ್ನೆ ಊರಿಗೆ ಹೋದಾಗ ಅಮ್ಮನಿಗೆ ಈ ಪಲ್ಲವಿ ಓದಿ ಹೇಳಿದೆ. ಅವಳು ನಕ್ಕು, ತನ್ನ ಮೊದಲ ಆಷಾಢದಲ್ಲಿ ಅಪ್ಪ ಹೀಗೇ ಬಂದಿದ್ದರೆಂದು ಹೇಳಿದಳು. ಅವರ ಕೈಯಲ್ಲಿ ಕೊಡೆಯೂ ಇರಲಿಲ್ಲವಂತೆ. ‘ಯಾಕೆ ಬಂದ್ರಿ ಅಂತ ನಮ್ಮಪ್ಪ ಕೇಳಿದ್ದಕ್ಕೆ ಬಸ್ಸು ತಪ್ಪಿ ಬಂದೆ ಅಂದ್ರು’ ಎಂದಳು.